ಕೊಡಗಿನ ಸಣ್ಣ ಸೇವಾಸಂಸ್ಥೆಗೆ ದಾನ: ಅಸಲಿ ಜಾಲತಾಣ ಯಾವುದೆಂದು ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮೂರು ಸೋಮವಾರಪೇಟೆ ಕಡೆ, ಈಗ ಬೆಂಗಳೂರಿನಲ್ಲಿದ್ದೇನೆ. ತಾಯಿಯ ಮೊದಲ ವರ್ಷದ ತಿಥಿಯ ನೆನಪಿಗೆ ಅಲ್ಲಿನ ಒಂದು ಸಣ್ಣ ವೃದ್ಧಾಶ್ರಮಕ್ಕೆ 25,000 ರೂಪಾಯಿ ಕಳುಹಿಸಬೇಕೆಂದಿದ್ದೇನೆ. ಹುಡುಕಿದರೆ ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಜಾಲತಾಣಗಳು ಸಿಗುತ್ತಿವೆ. ಒಂದರ ವಿಳಾಸದಲ್ಲಿ ಕೊಡಗು ಎಂದಿದೆ, ಇನ್ನೊಂದರಲ್ಲಿ ಕೂರ್ಗ್ ಎಂದಿದೆ. ಎರಡರಲ್ಲೂ ಅದೇ ಕಟ್ಟಡದ ಚಿತ್ರ, ಎರಡರಲ್ಲೂ ಕ್ಯೂಆರ್ ಕೋಡ್. ಯಾವುದನ್ನು ನಂಬಲಿ?

ಉತ್ತರ: ಎರಡು ಪುಟಗಳನ್ನು ಅಕ್ಕಪಕ್ಕ ತೆರೆದು ಎಷ್ಟು ಹೊತ್ತು ಹೋಲಿಸಿದರೂ ಇದು ತೀರ್ಮಾನವಾಗುವುದಿಲ್ಲ. ಕಟ್ಟಡದ ಚಿತ್ರ, ಪದಾಧಿಕಾರಿಗಳ ಹೆಸರು, ನೋಂದಣಿ ಸಂಖ್ಯೆ, ದಾನಕ್ಕೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಪತ್ರದ ಸ್ಕ್ಯಾನ್ ಪ್ರತಿ ಇವೆಲ್ಲವನ್ನೂ ಅಸಲಿ ಪುಟದಿಂದ ಎತ್ತಿ ಬೇರೆ ಪುಟಕ್ಕೆ ಅಂಟಿಸಲು ಅರ್ಧ ದಿನ ಸಾಕು. ವಂಚಕ ಬದಲಾಯಿಸಬೇಕಾದದ್ದು ಕ್ಯೂಆರ್ ಕೋಡ್ ಒಂದನ್ನು ಮಾತ್ರ. ಅವನಿಂದ ನಕಲು ಮಾಡಲಾಗದ ಸಂಗತಿಗಳು ಎರಡೇ: ಆಶ್ರಮದ ಕಚೇರಿಯಲ್ಲಿ ಫೋನ್ ಎತ್ತುವ ಮನುಷ್ಯ ಮತ್ತು ಆಶ್ರಮದ ನೋಂದಾಯಿತ ಹೆಸರಿನಲ್ಲಿ ಬ್ಯಾಂಕು ತೆರೆದುಕೊಟ್ಟ ಖಾತೆ. ಆದ್ದರಿಂದ ಜಾಲತಾಣವನ್ನು ಹಿಡಿದು ಸಂಸ್ಥೆಯನ್ನು ಹುಡುಕುವ ಬದಲು, ಸಂಸ್ಥೆಯನ್ನು ಮೊದಲು ಗುರುತಿಸಿಕೊಂಡು ಅದರ ಕೈಯಿಂದಲೇ ಜಾಲತಾಣದ ವಿಳಾಸವನ್ನು ಪಡೆಯಬೇಕು. ಮಡಿಕೇರಿಯಲ್ಲಿ ಇಂಥ ಸಣ್ಣ ಟ್ರಸ್ಟುಗಳ ಲೆಕ್ಕಪತ್ರಗಳನ್ನು ತಪಾಸಣೆ ಮಾಡುತ್ತ ಬಂದಿರುವ ನಾನು ಎಲ್ಲರಿಗೂ ಹೇಳುವುದು ಇದೇ ಕ್ರಮವನ್ನು. ಅದನ್ನು ನಿಮ್ಮ ವಿಷಯಕ್ಕೆ ಹೊಂದಿಸಿ ವಿವರಿಸುತ್ತೇನೆ.

ಮೊದಲಿಗೆ ಒಂದು ಎಚ್ಚರಿಕೆ. ಎರಡು ಹೆಸರು ಕಂಡ ಮಾತ್ರಕ್ಕೆ ಒಂದು ನಕಲಿ ಎಂದು ನಿರ್ಧರಿಸಬೇಡಿ. ಹೆಸರಿನ ಈ ಗೊಂದಲ ಕೊಡಗಿನಲ್ಲಿ ಹಳೆಯದು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಡನೆ ಸೇರುವವರೆಗೆ ಇದು ಕೂರ್ಗ್ ಎಂಬ ಪ್ರತ್ಯೇಕ ರಾಜ್ಯವೇ ಆಗಿತ್ತು. ಆ ಕಾಲದಲ್ಲಿ ಹುಟ್ಟಿದ ಸಂಸ್ಥೆಗಳ ದಾಖಲೆಯಲ್ಲಿ ಕೂರ್ಗ್ ಎಂದಿರುವುದು ಸಹಜ, ಆಮೇಲೆ ಹುಟ್ಟಿದ ಅನೇಕ ಸಂಸ್ಥೆಗಳೂ ಹೊರಗಿನವರಿಗೆ ಪರಿಚಿತವೆಂದು ಅದೇ ಹೆಸರನ್ನು ಇಟ್ಟುಕೊಂಡವು. ಇದರ ಮೇಲೆ ಇಂಗ್ಲಿಷ್ ಕಾಗುಣಿತದ ತೊಡಕು ಬೇರೆ. ನಿಮ್ಮ ಊರನ್ನೇ `Somwarpet`, `Somvarpet`, `Somavarapete` ಎಂದು ಮೂರು ಬಗೆಯಲ್ಲಿ ಬರೆಯುವವರಿದ್ದಾರೆ. ವಿರಾಜಪೇಟೆಯದೂ ಅದೇ ಕಥೆ. ಹೀಗಿರುವಾಗ ಒಂದು ಅಕ್ಷರ ಬದಲಿಸಿ ಅಸಲಿಯನ್ನು ಹೋಲುವ ಜಾಲತಾಣದ ಹೆಸರನ್ನು ಕೊಳ್ಳುವುದು ವಂಚಕನಿಗೆ ಸುಲಭ, ಆ ಬದಲಾವಣೆಯನ್ನು ಊರಿನವರು ಅನುಮಾನಿಸುವುದೂ ಇಲ್ಲ. ಅಸಲಿ ಸಂಸ್ಥೆಯೇ ಒಂದು ಕಾಗುಣಿತದಲ್ಲಿ ಹಳೆಯ ತಾಣವನ್ನು ಬಿಟ್ಟು ಇನ್ನೊಂದರಲ್ಲಿ ಹೊಸದನ್ನು ಮಾಡಿಕೊಂಡಿರುವ ಸಾಧ್ಯತೆಯೂ ಅಷ್ಟೇ ಇದೆ.

ಆದ್ದರಿಂದ ಮೊದಲ ಕೆಲಸ, ನೋಂದಾಯಿತ ಹೆಸರನ್ನು ಇಂಗ್ಲಿಷಿನಲ್ಲಿ ಅಕ್ಷರಶಃ ತಿಳಿದುಕೊಳ್ಳುವುದು. ಇದಕ್ಕೆ ಅಂತರ್ಜಾಲಕ್ಕಿಂತ ರಸೀದಿ ಪುಸ್ತಕ ಒಳ್ಳೆಯ ಆಕರ. ನಿಮ್ಮ ಮನೆಯಲ್ಲಿ ಯಾರಾದರೂ ಹಿಂದೆ ಆ ಆಶ್ರಮಕ್ಕೆ ಕೊಟ್ಟಿದ್ದರೆ ಕಪಾಟಿನಲ್ಲಿ ಹಳೆಯ ರಸೀದಿ ಸಿಗಬಹುದು. ಇಲ್ಲವಾದರೆ ಊರಿನಲ್ಲಿರುವ ನಂಟರಿಗೋ ನೆರೆಯವರಿಗೋ ಹೇಳಿ, ಆಶ್ರಮದ ಬಾಗಿಲಿನ ಫಲಕದ ಮತ್ತು ಖಾಲಿ ರಸೀದಿಯೊಂದರ ಫೋಟೋ ತೆಗೆಸಿಕೊಳ್ಳಿ. ಸರಿಯಾಗಿ ನಡೆಯುವ ಸಂಸ್ಥೆಯ ರಸೀದಿಯಲ್ಲಿ ನೋಂದಾಯಿತ ಹೆಸರು, ನೋಂದಣಿ ಸಂಖ್ಯೆ, ಪ್ಯಾನ್ ಸಂಖ್ಯೆ ಮತ್ತು 80ಜಿ ಅನುಮೋದನೆ ಇದ್ದರೆ ಅದರ ಸಂಖ್ಯೆ ಅಚ್ಚಾಗಿರುತ್ತವೆ. ಊರಿನವರು ಬಾಯಲ್ಲಿ ಕರೆಯುವ ಹೆಸರಿಗೂ ರಸೀದಿಯ ಹೆಸರಿಗೂ ಬಹಳ ಅಂತರವಿರುವುದುಂಟು. ಎಲ್ಲರೂ ಆಶ್ರಮದ ಹೆಸರನ್ನು ಮಾತ್ರ ಹೇಳುತ್ತಾರೆ, ದಾಖಲೆಯಲ್ಲಿ ಅದನ್ನು ನಡೆಸುವ ಟ್ರಸ್ಟಿನ ಹೆಸರು ಬೇರೆಯೇ ಇರುತ್ತದೆ; ಬ್ಯಾಂಕಿನ ಖಾತೆ ಇರುವುದು ಆ ಎರಡನೆಯ ಹೆಸರಿನಲ್ಲಿ.

ಪ್ಯಾನ್ ಸಂಖ್ಯೆಯಲ್ಲಿ ಹೆಚ್ಚಿನವರು ಗಮನಿಸದ ಒಂದು ಉಪಯೋಗವಿದೆ. ಅದರ ಹತ್ತು ಅಕ್ಷರಗಳಲ್ಲಿ ನಾಲ್ಕನೆಯದು ಪ್ಯಾನ್ ಪಡೆದವರು ಯಾವ ವರ್ಗದವರು ಎಂಬುದನ್ನು ತಿಳಿಸುತ್ತದೆ. ಟ್ರಸ್ಟಿಗೆ `T`, ಜನರ ಕೂಟ ಅಥವಾ ಸಂಘಕ್ಕೆ `A`, ಕಂಪನಿಗೆ `C`, ವ್ಯಕ್ತಿಗೆ `P`. ಸೇವಾಸಂಸ್ಥೆಯದೆಂದು ಹೇಳುವ ಪ್ಯಾನಿನ ನಾಲ್ಕನೆಯ ಅಕ್ಷರ `P` ಆಗಿದ್ದರೆ ಅದು ಯಾರೋ ಒಬ್ಬರ ಸ್ವಂತ ಪ್ಯಾನ್, ಅಲ್ಲಿಗೆ ಮಾತು ಮುಗಿಯಿತು. ಐದನೆಯ ಅಕ್ಷರ, ವ್ಯಕ್ತಿಗಳಲ್ಲದವರ ವಿಷಯದಲ್ಲಿ, ನೋಂದಾಯಿತ ಹೆಸರಿನ ಮೊದಲ ಅಕ್ಷರವಾಗಿರುತ್ತದೆ. ನಿಮ್ಮ ಆಶ್ರಮದ ಟ್ರಸ್ಟಿನ ಹೆಸರು ಕೂರ್ಗ್ ಎಂದು ಆರಂಭವಾಗುತ್ತಿದ್ದರೆ ಅಲ್ಲಿ `C` ಇರಬೇಕು, ಕೊಡಗು ಎಂದು ಆರಂಭವಾಗುತ್ತಿದ್ದರೆ `K` ಇರಬೇಕು. ನಿಮ್ಮಂಥ ಪ್ರಶ್ನೆಗೆ ಇಷ್ಟು ನೇರವಾಗಿ ಒದಗುವ ಸುಳಿವು ಅಪರೂಪ. ಆದರೆ ಹೆಸರು ಬದಲಾದರೂ ಪ್ಯಾನ್ ಬದಲಾಗುವುದಿಲ್ಲ. ಹಳೆಯ ಹೆಸರನ್ನು ತಿದ್ದಿಕೊಂಡ ಸಂಸ್ಥೆಯಲ್ಲಿ ಈ ಅಕ್ಷರ ಹಳೆಯ ಹೆಸರನ್ನೇ ತೋರಿಸೀತು. ಪ್ಯಾನನ್ನೂ ನಕಲು ಮಾಡಬಹುದು ಎಂಬುದಂತೂ ಇದ್ದೇ ಇದೆ. ಎರಡು ತಾಣಗಳಲ್ಲೂ ಒಂದೇ ಪ್ಯಾನ್ ಇದ್ದರೆ, ಒಂದೋ ಎರಡೂ ಒಬ್ಬರವೇ, ಇಲ್ಲವೇ ಒಂದು ಇನ್ನೊಂದನ್ನು ನೋಡಿ ಬರೆದದ್ದು ಎಂದಷ್ಟೇ ತಿಳಿಯಬೇಕು.

ಹೆಸರು ಕೈಗೆ ಬಂದ ಮೇಲೆ ಸರ್ಕಾರದ ದಾಖಲೆಗಳಲ್ಲಿ ನೋಡಬಹುದು. ನೀತಿ ಆಯೋಗ ನಡೆಸುವ ದರ್ಪಣ್ ಪೋರ್ಟಲ್ ಇದಕ್ಕೆ ಅನುಕೂಲ. ಯಾರೋ ಕಳುಹಿಸಿದ ಕೊಂಡಿಯ ಮೂಲಕ ಹೋಗದೆ `ngodarpan.gov.in` ಎಂದು ನೀವೇ ಬೆರಳಚ್ಚಿಸಿ ತೆರೆಯಿರಿ, ಅಲ್ಲಿ ಕರ್ನಾಟಕದ ಸಂಸ್ಥೆಗಳಲ್ಲಿ ನಿಮ್ಮ ಆಶ್ರಮದ ಹೆಸರನ್ನು ಹುಡುಕಿ. ಒಂದು ಕಾಗುಣಿತದಲ್ಲಿ ಸಿಗದಿದ್ದರೆ ಉಳಿದವನ್ನೂ ಹಾಕಿ ನೋಡಿ. ಸಂಸ್ಥೆಯ ದಾಖಲೆಯಲ್ಲಿ ನೋಂದಣಿಯ ವಿವರ, ವಿಳಾಸ, ಸಂಪರ್ಕ ಮತ್ತು ಕೆಲವೊಮ್ಮೆ ಜಾಲತಾಣದ ವಿಳಾಸವೂ ಇರುತ್ತದೆ. ಈ ಜಾಲತಾಣದ ವಿಳಾಸ ನಿಮ್ಮ ಎರಡರಲ್ಲಿ ಒಂದಕ್ಕೆ ಹೊಂದಿಕೊಂಡರೆ ಅದು ಗಟ್ಟಿಯಾದ ಸೂಚನೆ, ಆದರೆ ಅಂತಿಮ ಪುರಾವೆಯಲ್ಲ. ಏಕೆಂದರೆ ದರ್ಪಣ್‌ನಲ್ಲಿರುವುದು ಸಂಸ್ಥೆಯವರೇ ತುಂಬಿದ ವಿವರ. ಐದಾರು ವರ್ಷಗಳ ಹಿಂದೆ ತುಂಬಿ ಮತ್ತೆ ತಿರುಗಿ ನೋಡದವರು ಬಹಳ. ದರ್ಪಣ್‌ನಲ್ಲಿ ಹೆಸರೇ ಇಲ್ಲದ ಒಳ್ಳೆಯ ಸಂಸ್ಥೆಗಳೂ ನಮ್ಮ ಜಿಲ್ಲೆಯಲ್ಲಿವೆ. ಸರ್ಕಾರದ ಅನುದಾನ ಬೇಡದವರಿಗೆ ಅಲ್ಲಿ ಸೇರುವ ತುರ್ತು ಕಾಣುವುದಿಲ್ಲ. ಹಾಗಾಗಿ ಹೆಸರು ಸಿಗದಿದ್ದರೆ ಅದನ್ನು ದೋಷವೆಂದು ಎಣಿಸಬೇಡಿ.

80ಜಿ ವಿನಾಯಿತಿ ನಿಮಗೆ ಮುಖ್ಯವಾಗಿದ್ದರೆ ಮಾತ್ರ ಇನ್ನೊಂದು ಹೆಜ್ಜೆ ಇದೆ. 2021ರಲ್ಲಿ ಹೊಸ ಪದ್ಧತಿಯಂತೆ ಮರುನೋಂದಣಿಯಾದ ಹಳೆಯ ಸಂಸ್ಥೆಗಳಿಗೆ ಅನುಮೋದನೆ ದೊರೆತದ್ದು ಸಾಮಾನ್ಯವಾಗಿ 5 ವರ್ಷಗಳಿಗೆ, ಅಂದರೆ 2026ರ ಮಾರ್ಚ್ 31ರವರೆಗೆ. ಆಮೇಲಿನ ದಾನಕ್ಕೆ ನವೀಕರಿಸಿದ ಆದೇಶ ಬೇಕು. ಜಾಲತಾಣದಲ್ಲಿ ಹಳೆಯ ಆದೇಶವೇ ನೇತಾಡುತ್ತಿದ್ದರೆ ಹೊಸದರ ಪ್ರತಿಯನ್ನು ಕೇಳಿ ತರಿಸಿಕೊಳ್ಳಿ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ವಿನಾಯಿತಿ ಹೇಗೂ ಸಿಗುವುದಿಲ್ಲ, ಅವರು ಇದನ್ನು ಬಿಟ್ಟು ಮುಂದೆ ಹೋಗಬಹುದು.

ಇನ್ನು ಫೋನ್. ನನ್ನ ಅನುಭವದಲ್ಲಿ ಉಳಿದೆಲ್ಲ ಪರಿಶೀಲನೆಗಳಿಗಿಂತ ಇದರ ತೂಕ ಹೆಚ್ಚು, ಆದರೆ ಮಾಡುವ ರೀತಿಯಲ್ಲಿ ಮಾಡಬೇಕು. ಸಂಖ್ಯೆಯನ್ನು ಆ ಎರಡು ತಾಣಗಳಿಂದ ತೆಗೆದುಕೊಳ್ಳಬಾರದು. ಹುಡುಕಾಟದ ಫಲಿತಾಂಶದ ಬದಿಯಲ್ಲಿ ಅಥವಾ ನಕ್ಷೆಯಲ್ಲಿ ಕಾಣುವ ಸಂಖ್ಯೆಯನ್ನೂ ನೆಚ್ಚಬಾರದು, ಏಕೆಂದರೆ ಆ ವಿವರಗಳನ್ನು ತಿದ್ದಲು ಸಾರ್ವಜನಿಕರು ಯಾರು ಬೇಕಾದರೂ ಸೂಚನೆ ಕೊಡಬಹುದು, ಸಣ್ಣ ಸಂಸ್ಥೆಗಳು ಅದನ್ನು ಗಮನಿಸುತ್ತಲೂ ಇರುವುದಿಲ್ಲ. ರಸೀದಿಯಲ್ಲಿರುವ ಅಥವಾ ಬಾಗಿಲಿನ ಫಲಕದಲ್ಲಿರುವ ಸಂಖ್ಯೆಗೆ ಕರೆಮಾಡಿ. ಸ್ಥಿರ ದೂರವಾಣಿ ಇದ್ದರೆ ಇನ್ನೂ ಒಳ್ಳೆಯದು: ಸೋಮವಾರಪೇಟೆಯ ಸಂಕೇತ 08276, ಮಡಿಕೇರಿಯದು 08272, ವಿರಾಜಪೇಟೆಯದು 08274. ಹಾಗೆ ಆರಂಭವಾಗುವ ಸಂಖ್ಯೆ ಯಾವುದೋ ದೂರದ ಕೋಣೆಯಲ್ಲಿ ಕುಳಿತವನ ಮೊಬೈಲಿನಂತೆ ಅಲ್ಲ, ಅದಕ್ಕೊಂದು ಊರು ಇರುತ್ತದೆ.

ಕರೆ ಸಿಕ್ಕ ಮೇಲೆ, ‘ಇದು ನಿಮ್ಮ ವೆಬ್‌ಸೈಟ್ ತಾನೆ?’ ಎಂದು ವಿಳಾಸವನ್ನು ನೀವೇ ಓದಿ ಹೇಳಬೇಡಿ. ಫೋನ್ ಎತ್ತುವವರು ಆಶ್ರಮದ ಮೇಲ್ವಿಚಾರಕರೋ ಅಡುಗೆ ಮನೆಯವರೋ ಆಗಿರುತ್ತಾರೆ. ದೊಡ್ಡ ಮನಸ್ಸಿನಿಂದ ದಾನ ಕೊಡಲು ಬಂದವರ ಮಾತಿಗೆ ಇಲ್ಲವೆನ್ನಲು ಅವರಿಗೆ ಸಂಕೋಚ, ಹೌದು ಹೌದು ಎಂದುಬಿಡುತ್ತಾರೆ. ಹಾಗೆ ಹೌದೆಂದು ಹೇಳಿಸಿಕೊಂಡು ತಪ್ಪು ಪುಟಕ್ಕೆ ಹಣ ಹಾಕಿದವರನ್ನು ನಾನು ನೋಡಿದ್ದೇನೆ. ಕಾರ್ಯದರ್ಶಿ ಅಥವಾ ಖಜಾಂಚಿ ಯಾವಾಗ ಸಿಗುತ್ತಾರೆ ಎಂದು ವಿಚಾರಿಸಿ, ಅವರು ಸಿಕ್ಕಾಗ, ‘ನಿಮ್ಮ ಜಾಲತಾಣದ ವಿಳಾಸವನ್ನು ಇಂಗ್ಲಿಷ್ ಅಕ್ಷರ ಅಕ್ಷರವಾಗಿ ಹೇಳಿ, ಬರೆದುಕೊಳ್ಳುತ್ತೇನೆ’ ಎನ್ನಿ. ಖಾತೆ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಿದೆ, ಯಾವ ಹೆಸರಿನಲ್ಲಿದೆ, ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಯಾವುವು ಎಂದೂ ಕೇಳಿ. ಅವರ ಬಾಯಿಂದ ಬಂದದ್ದನ್ನು ನೀವು ಪುಟದೊಂದಿಗೆ ಹೋಲಿಸಬೇಕು. ಇದರಿಂದ ಯಾರಿಗೂ ಬೇಸರವಾಗುವುದಿಲ್ಲ. ತಮ್ಮ ಹೆಸರಿನಲ್ಲಿ ಇನ್ನೊಂದು ಪುಟವಿದೆ ಎಂಬ ಸುದ್ದಿಯೇ ಅವರಿಗೆ ನಿಮ್ಮಿಂದ ಮೊದಲು ತಿಳಿಯಬಹುದು. ಒಂದು ಮಾತು ನೆನಪಿರಲಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ನಮ್ಮ ಹಳ್ಳಿಗಳಲ್ಲಿ ಮರ ಬಿದ್ದು ವಿದ್ಯುತ್ತೂ ಫೋನೂ ದಿನಗಟ್ಟಲೆ ಇಲ್ಲದಾಗುತ್ತವೆ. ಆ ತಿಂಗಳುಗಳಲ್ಲಿ ಕರೆ ಸೇರದಿದ್ದರೆ ಅದರಿಂದ ಯಾವ ತೀರ್ಮಾನಕ್ಕೂ ಬರದೆ ನಾಲ್ಕು ದಿನ ಬಿಟ್ಟು ಮತ್ತೆ ಪ್ರಯತ್ನಿಸಿ.

ವಿಳಾಸವನ್ನು ಓದುವ ಕ್ರಮವೂ ತಿಳಿದಿರಬೇಕು. ಜಾಲತಾಣದ ಒಡೆಯನನ್ನು ಹೇಳುವ ಭಾಗ ಇರುವುದು `https://` ಆದ ಮೇಲೆ ಬರುವ ಮೊದಲ ಓರೆಗೆರೆಯ ಸ್ವಲ್ಪ ಮುಂಚೆ, ಹೆಸರಿನ ಬಲತುದಿಯಲ್ಲಿ. ನಮ್ಮ ಕಣ್ಣು ಮೊದಲು ಓದುವುದು ಎಡತುದಿಯನ್ನು. ಜಿಲ್ಲಾಡಳಿತದ ತಾಣವನ್ನೇ ನೋಡಿ:

```
https://kodagu.nic.in/
https://kodagu.nic.in.daana.example/
```

ಮೊದಲನೆಯದು ಜಿಲ್ಲಾಡಳಿತದ್ದು. ಎರಡನೆಯದು ಉದಾಹರಣೆಗೆಂದು ನಾನು ಬರೆದದ್ದು. ಅದರ ಒಡೆತನ ಕೊನೆಯ `daana.example` ಎಂಬುದನ್ನು ಹೊಂದಿರುವವರದು, ಮುಂದೆ ಅಂಟಿಸಿದ ಸರ್ಕಾರಿ ಹೆಸರಿಗೆ ಬೆಲೆಯಿಲ್ಲ. `nic.in` ಮತ್ತು `gov.in` ಎಂದು ಕೊನೆಯಾಗುವ ಹೆಸರುಗಳು ಸರ್ಕಾರಿ ಕಚೇರಿಗಳಿಗಷ್ಟೇ ಸಿಗುತ್ತವೆ. ಆದರೆ `.org` ಎಂಬುದನ್ನು ಸೇವಾಸಂಸ್ಥೆಯ ಗುರುತೆಂದು ಭಾವಿಸುವುದು ತಪ್ಪು, ಅದನ್ನು ಹಣ ಕೊಟ್ಟು ಯಾರು ಬೇಕಾದರೂ ಕೊಳ್ಳಬಹುದು. ಬೀಗದ ಚಿತ್ರವೂ ಅಷ್ಟೇ: ನಿಮಗೂ ಆ ತಾಣಕ್ಕೂ ನಡುವೆ ಮಾಹಿತಿ ಗುಪ್ತವಾಗಿ ಹೋಗುತ್ತದೆ ಎಂಬುದಷ್ಟೇ ಅದರ ಅರ್ಥ, ಆ ತುದಿಯಲ್ಲಿರುವವರು ಯಾರೆಂಬುದನ್ನು ಅದು ಹೇಳುವುದಿಲ್ಲ. ಚೆಂದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನಮ್ಮ ಸಣ್ಣ ಸಂಸ್ಥೆಗಳ ತಾಣಗಳು ಬಹುಪಾಲು ಹಳೆಯವು, ಮೂರು ವರ್ಷದ ಹಿಂದಿನ ಕಾರ್ಯಕ್ರಮದ ಚಿತ್ರವೇ ಮುಖಪುಟದಲ್ಲಿರುತ್ತದೆ, ಅರ್ಧ ಕೊಂಡಿಗಳು ತೆರೆಯುವುದಿಲ್ಲ. ಅಂದವಾದ ಹೊಸ ಪುಟ ಹೆಚ್ಚಾಗಿ ಯಾರದಿರುತ್ತದೆ ಎಂಬುದನ್ನು ನೀವೇ ಊಹಿಸಬಹುದು.

ತಾಣದ ವಯಸ್ಸನ್ನು ತಿಳಿಯಲೂ ದಾರಿಯಿದೆ. `.in` ಎಂದು ಕೊನೆಯಾಗುವ ಹೆಸರನ್ನು `registry.in` ನಲ್ಲಿ, `.org` ಅಥವಾ `.com` ಆದರೆ `lookup.icann.org` ನಲ್ಲಿ ಹಾಕಿದರೆ ಅದನ್ನು ನೋಂದಾಯಿಸಿದ ದಿನಾಂಕ ಕಾಣುತ್ತದೆ. ಒಡೆಯರ ಹೆಸರನ್ನು ಈಗ ಸಾಮಾನ್ಯವಾಗಿ ಮರೆಮಾಡಿರುತ್ತಾರೆ. ಮೂವತ್ತು ವರ್ಷದ ಆಶ್ರಮಕ್ಕೆ ಮೂರು ವಾರದ ಜಾಲತಾಣ ಕಂಡರೆ ಅನುಮಾನಿಸಲು ಕಾರಣವಿದೆ. ಆದರೆ ಹಳೆಯದೇ ಅಸಲಿ ಎಂಬ ನಿಯಮವನ್ನು ಮಾಡಿಕೊಳ್ಳಬಾರದು. ಏಕೆಂದು ಒಂದು ಪ್ರಕರಣದಿಂದ ತಿಳಿಸುತ್ತೇನೆ.

ನಾನು ಲೆಕ್ಕ ನೋಡುವ ಒಂದು ಟ್ರಸ್ಟಿಗೆ ವರ್ಷಗಳ ಹಿಂದೆ ಎಂಜಿನಿಯರಿಂಗ್ ಓದುತ್ತಿದ್ದ ಸ್ವಯಂಸೇವಕರೊಬ್ಬರು ಪ್ರೀತಿಯಿಂದ ಜಾಲತಾಣ ಮಾಡಿಕೊಟ್ಟಿದ್ದರು. ಹೆಸರನ್ನು ತಮ್ಮ ಕಾಲೇಜಿನ ಇಮೇಲಿನಲ್ಲಿ, ತಮ್ಮದೇ ಕಾರ್ಡಿನಿಂದ ನೋಂದಾಯಿಸಿದ್ದರು. ಅವರು ಕೆಲಸಕ್ಕೆ ಹೊರ ರಾಜ್ಯಕ್ಕೆ ಹೋದರು, ಇಮೇಲ್ ಮುಚ್ಚಿತು, ನವೀಕರಣದ ನೆನಪೋಲೆಗಳು ಯಾರಿಗೂ ತಲುಪಲಿಲ್ಲ. ಜುಲೈನಲ್ಲಿ ಅವಧಿ ಮುಗಿದು ತಾಣ ನಿಂತಿತು. ಮಳೆಗಾಲದಲ್ಲಿ ಇಂಟರ್ನೆಟ್ ಸಮಸ್ಯೆ ಇದ್ದದ್ದೇ ಎಂದು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಅವಧಿ ಮುಗಿದ ಹೆಸರು ತಕ್ಷಣ ಕೈಬಿಟ್ಟು ಹೋಗುವುದಿಲ್ಲ. ಹೆಸರು ಮಾರುವ ಕಂಪನಿಯವರು ನವೀಕರಣಕ್ಕೆ ಕೊಡುವ ರಿಯಾಯಿತಿ ಅವಧಿ, ಅದರ ಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಬಹುದಾದ 30 ದಿನಗಳು, ಕೊನೆಗೆ ಅಳಿಸುವ ಮುಂಚಿನ 5 ದಿನಗಳು, ಎಲ್ಲ ಸೇರಿ ಸುಮಾರು ಎರಡೂವರೆ ತಿಂಗಳಷ್ಟು ಕಾಲಾವಕಾಶವಿರುತ್ತದೆ. ಅದೂ ಕಳೆಯಿತು. ಅಕ್ಟೋಬರಿನಲ್ಲಿ ಬೇರೆ ಯಾರೋ ಆ ಹೆಸರನ್ನು ಕೊಂಡು, ಹಳೆಯ ಪುಟವನ್ನು ಹಾಗೆಯೇ ಮತ್ತೆ ಕಟ್ಟಿ, ಕೆಳಗೆ ಹೊಸ ಕ್ಯೂಆರ್ ಕೋಡ್ ಹಾಕಿದ್ದರು. ಈ ನಡುವೆ ಟ್ರಸ್ಟಿನವರು ಹಳೆಯ ಹೆಸರು ಸಿಗದೆ, ಕಾಗುಣಿತ ಬದಲಿಸಿ ಹೊಸ ತಾಣ ಮಾಡಿಕೊಂಡಿದ್ದರು. ರಸೀದಿ ಪುಸ್ತಕದಲ್ಲಿ ಮಾತ್ರ ಹಳೆಯ ವಿಳಾಸವೇ ಅಚ್ಚಾಗಿ ಉಳಿದಿತ್ತು.

ಅಂದರೆ ರಸೀದಿಯ ವಿಳಾಸ ವಂಚಕನ ಬಳಿಗೆ ಕರೆದೊಯ್ಯುತ್ತಿತ್ತು, ಅನುಮಾನಾಸ್ಪದವಾಗಿ ಕಾಣುವ ಹೊಸ ಕಾಗುಣಿತವೇ ಅಸಲಿಯಾಗಿತ್ತು. ಜನವರಿಯಲ್ಲಿ ಮೈಸೂರಿನ ಒಬ್ಬರು ಹಳೆಯ ರಸೀದಿಯನ್ನು ನೋಡಿ 5,000 ರೂಪಾಯಿ ಹಾಕಿದರು. ಹಣ ಕಳುಹಿಸುವಾಗ ಪರದೆಯ ಮೇಲೆ ಯಾವುದೋ ವ್ಯಕ್ತಿಯ ಹೆಸರು ಬಂದಿತ್ತು, ಖಜಾಂಚಿಯವರ ಹೆಸರಿರಬೇಕೆಂದು ಅವರು ಭಾವಿಸಿದರು. ಜೂನಿನಲ್ಲಿ ತೆರಿಗೆಯ ಪ್ರಮಾಣಪತ್ರ ಬರಲಿಲ್ಲವೆಂದು ಟ್ರಸ್ಟಿಗೆ ಫೋನ್ ಮಾಡಿದಾಗಲೇ ವಿಷಯ ಹೊರಬಂದದ್ದು. ನಾನು ಲೆಕ್ಕ ತೆಗೆದು ನೋಡಿದೆ, ಅವರ ಹೆಸರಿನ ಜಮೆ ಎಲ್ಲೂ ಇರಲಿಲ್ಲ. ಆ ಸಂಜೆ ಖಜಾಂಚಿಯವರು ತಮ್ಮ ಮೇಲೆ ಅನುಮಾನ ಬಂದೀತೆಂದು ಎಷ್ಟು ನೊಂದರು ಎಂಬುದು ನನಗೆ ಇನ್ನೂ ನೆನಪಿದೆ.

ಈ ಪ್ರಕರಣದಲ್ಲಿ ನಕಲಿಯನ್ನು ಮೊದಲೇ ಹಿಡಿಯಲು ಸಾಧ್ಯವಿತ್ತೇ? ಇತ್ತು. ಕೈಬಿಟ್ಟು ಹೋಗಿ ಮತ್ತೆ ನೋಂದಾಯಿತವಾದ ಹೆಸರಿಗೆ ದಿನಾಂಕ ಹೊಸದಾಗಿ ಆರಂಭವಾಗುತ್ತದೆ. ಹತ್ತು ವರ್ಷದಿಂದ ರಸೀದಿಯಲ್ಲಿರುವ ವಿಳಾಸದ ನೋಂದಣಿ ದಿನಾಂಕ ಹೋದ ಅಕ್ಟೋಬರ್ ಎಂದು ತೋರಿಸಿದರೆ, ಅದು ಕೈ ಬದಲಾಗಿರಬಹುದು ಎಂಬ ಸ್ಪಷ್ಟ ಸೂಚನೆ. (ಅಳಿಸಿ ಹೋಗುವ ಮುಂಚೆಯೇ ಹರಾಜಿನಲ್ಲಿ ಕೊಂಡಿದ್ದರೆ ಹಳೆಯ ದಿನಾಂಕವೇ ಉಳಿಯುತ್ತದೆ, ಆಗ ಈ ಪರೀಕ್ಷೆ ಕೆಲಸಕ್ಕೆ ಬರುವುದಿಲ್ಲ.) ಎರಡನೆಯದಾಗಿ, `web.archive.org` ಎಂಬ ತಾಣ ಹಳೆಯ ಜಾಲಪುಟಗಳ ಪ್ರತಿಗಳನ್ನು ದಿನಾಂಕಸಹಿತ ಕಾದಿರಿಸುತ್ತದೆ. ಅಲ್ಲಿ ಆ ವಿಳಾಸ ಹಾಕಿ ನಾಲ್ಕೈದು ವರ್ಷ ಹಿಂದಿನ ಪ್ರತಿಯನ್ನು ತೆರೆದಿದ್ದರೆ, ದೇಣಿಗೆಯ ಪುಟದಲ್ಲಿ ಟ್ರಸ್ಟಿನ ಹೆಸರಿನ ಖಾತೆ ಸಂಖ್ಯೆಯೂ ಮಡಿಕೇರಿಯ ಬ್ಯಾಂಕ್ ಶಾಖೆಯ ಹೆಸರೂ ಕಾಣುತ್ತಿದ್ದವು. ಈಗಿನ ಪುಟದಲ್ಲಿ ಅವೆರಡೂ ಮಾಯವಾಗಿ ಕ್ಯೂಆರ್ ಕೋಡ್ ಮಾತ್ರ ಉಳಿದಿತ್ತು. ನಿಮ್ಮ ಎರಡು ವಿಳಾಸಗಳನ್ನೂ ಅಲ್ಲಿ ಹಾಕಿ ನೋಡಿ. ಬಣ್ಣ ಮತ್ತು ಚಿತ್ರಗಳು ಬದಲಾಗುತ್ತಲೇ ಇರುತ್ತವೆ, ಆದರೆ ಸಣ್ಣ ಸಂಸ್ಥೆಯ ಬ್ಯಾಂಕ್ ಖಾತೆ ಮತ್ತು ಫೋನ್ ಸಂಖ್ಯೆ ದಶಕಗಳವರೆಗೆ ಅವೇ ಇರುವುದು ಸಾಮಾನ್ಯ. ಅವು ಬದಲಾಗಿದ್ದರೆ ಯಾಕೆಂದು ಫೋನಿನಲ್ಲಿ ಕೇಳಿ. ಎಲ್ಲ ಸಣ್ಣ ತಾಣಗಳ ಪ್ರತಿ ಅಲ್ಲಿ ಸಿಗುತ್ತದೆಂದು ಮಾತ್ರ ನಿರೀಕ್ಷಿಸಬೇಡಿ.

ಕೊನೆಯ ಮತ್ತು ತಪ್ಪಿಸಲೇಬಾರದ ತಪಾಸಣೆ ನಡೆಯುವುದು ಹಣ ಕಳುಹಿಸುವ ಕ್ಷಣದಲ್ಲಿ. ಯುಪಿಐ ಮೂಲಕ ಕಳುಹಿಸುವಾಗ ಪಿನ್ ಒತ್ತುವ ಮುಂಚೆ ಪಡೆಯುವವರ ಹೆಸರು ಬರುತ್ತದೆ. 2025ರ ಜೂನ್ ಅಂತ್ಯದಿಂದ ಅಲ್ಲಿ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕೆಂಬ ನಿಯಮ ಬಂದಿದೆ, ಆದ್ದರಿಂದ ಆ ಹೆಸರಿಗೆ ಈಗ ಮೊದಲಿಗಿಂತ ಹೆಚ್ಚು ಬೆಲೆ. ನೆಫ್ಟ್ ಅಥವಾ ಆರ್‌ಟಿಜಿಎಸ್ ಮಾಡುವವರಿಗೂ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಹಾಕಿ ಹೆಸರನ್ನು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡುವಂತೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸೂಚಿಸಿತ್ತು. ಪರದೆಯ ಮೇಲಿನ ಹೆಸರು ರಸೀದಿಯಲ್ಲಿನ ನೋಂದಾಯಿತ ಹೆಸರಿಗೆ ಹೊಂದಬೇಕು; ಬ್ಯಾಂಕಿನವರು ಉದ್ದ ಹೆಸರನ್ನು ಮೊಟಕು ಮಾಡಿರಬಹುದು, ಅದನ್ನು ಒಪ್ಪಬಹುದು. ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೆ ನಿಲ್ಲಿಸಿ. ಯಾವುದಾದರೂ ಪಾವತಿ ಕಂಪನಿಯ ಹೆಸರು ಬಂದರೆ, ಅಸಲಿ ಸಂಸ್ಥೆಗಳೂ ಅಂಥ ಸೇವೆಗಳನ್ನು ಬಳಸುತ್ತವೆ, ಆದರೆ ಅದರ ಹಿಂದೆ ಯಾರಿದ್ದಾರೆಂದು ನಿಮಗೆ ಕಾಣುವುದಿಲ್ಲ. ಅಂಥಲ್ಲಿ ನೇರ ಖಾತೆ ಸಂಖ್ಯೆಯನ್ನು ಕೇಳಿ ಪಡೆಯುವುದು ಮೇಲು. ಯುಪಿಐ ವಿಳಾಸವನ್ನಷ್ಟೇ ನೋಡಿ ನೆಮ್ಮದಿಯಾಗಬೇಡಿ. 2020ರ ಮಾರ್ಚ್‌ನಲ್ಲಿ ಪಿಎಂ ಕೇರ್ಸ್ ನಿಧಿಯ `pmcares@sbi` ಎಂಬ ವಿಳಾಸ ಪ್ರಕಟವಾದ ಬೆನ್ನಿಗೇ ಒಂದು ಅಕ್ಷರ ಕಡಿಮೆಯ `pmcare@sbi` ಕಾಣಿಸಿಕೊಂಡು, ಅದನ್ನು ಮುಚ್ಚಿಸಬೇಕಾಗಿ ಬಂತು.

ನಮ್ಮ ಜಿಲ್ಲೆಯ ಒಂದು ರೂಢಿ ಇಲ್ಲಿ ಅಡ್ಡ ಬರುತ್ತದೆ. ಅನೇಕ ಸಣ್ಣ ಸಂಸ್ಥೆಗಳು ಸುಲಭವೆಂದು ಕಾರ್ಯದರ್ಶಿಯ ಸ್ವಂತ ಮೊಬೈಲಿಗೆ ಹಣ ಹಾಕಿಸಿಕೊಳ್ಳುತ್ತವೆ. 2018ರ ಆಗಸ್ಟ್‌ನ ಭೂಕುಸಿತದ ಸಮಯದಲ್ಲಿ ಹರಿದಾಡಿದ ಮನವಿಗಳಲ್ಲೂ ಸ್ವಂತ ಖಾತೆಗಳು ಸಾಕಷ್ಟಿದ್ದವು, ಮನವಿ ಹಾಕಿದವರಲ್ಲಿ ಹೆಚ್ಚಿನವರು ನಿಜವಾಗಿಯೂ ಅಕ್ಕಿ, ಕಂಬಳಿ ಕೊಂಡು ಹಂಚಿದವರೇ. ಆದರೂ ನಾನು ಇದನ್ನು ಒಪ್ಪುವುದಿಲ್ಲ. ಆ ಹಣ ಟ್ರಸ್ಟಿನ ಲೆಕ್ಕಕ್ಕೆ ಬರುವುದು ಒಬ್ಬರ ನೆನಪಿನ ಮೇಲೆ ನಿಂತಿರುತ್ತದೆ, ನಿಮ್ಮ ದಾನದ ಪ್ರಮಾಣಪತ್ರಕ್ಕೂ ತೊಡಕಾಗುತ್ತದೆ, ವಂಚಕನಿಗೂ ಒಳ್ಳೆಯ ಸಂಸ್ಥೆಗೂ ನಡುವೆ ಉಳಿದಿರುವ ಒಂದೇ ಗೆರೆಯನ್ನು ಅದು ಅಳಿಸಿಹಾಕುತ್ತದೆ. ಕಾರ್ಯದರ್ಶಿಯವರ ಮೇಲೆ ನಿಮಗೆ ಪೂರ್ಣ ವಿಶ್ವಾಸವಿದ್ದರೂ, ‘ಟ್ರಸ್ಟಿನ ಖಾತೆಗೇ ಹಾಕುತ್ತೇನೆ, ಸಂಖ್ಯೆ ಕೊಡಿ’ ಎಂದು ವಿನಯದಿಂದ ಹೇಳಿ.

25,000 ರೂಪಾಯಿಯ ದಾನಕ್ಕೆ ಜಾಲತಾಣವೇ ಬೇಕೆಂದಿಲ್ಲ. ಎರಡು ತಾಣಗಳ ಗೊಂದಲ ಬಗೆಹರಿಯದಿದ್ದರೆ ನೋಂದಾಯಿತ ಹೆಸರಿಗೆ ಅಕೌಂಟ್ ಪೇಯಿ ಚೆಕ್ಕು ಬರೆದು, ಫಲಕದಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಆ ಹೆಸರಿನ ಖಾತೆಗಲ್ಲದೆ ಬೇರೆ ಖಾತೆಗೆ ಅದು ಜಮೆಯಾಗುವುದಿಲ್ಲ. ಜೊತೆಗೆ ನಿಮ್ಮ ಹೆಸರು, ವಿಳಾಸ, ಪ್ಯಾನ್ ಸಂಖ್ಯೆ ಮತ್ತು ತಾಯಿಯವರ ಹೆಸರಿನಲ್ಲಿ ಎಂಬ ಒಂದು ಸಾಲು ಬರೆದಿಡಿ. 80ಜಿ ಅನುಮೋದನೆ ಇರುವ ಸಂಸ್ಥೆ ಪ್ರತಿ ಆರ್ಥಿಕ ವರ್ಷದ ದಾನಿಗಳ ವಿವರವನ್ನು ಮುಂದಿನ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ, ಪೋರ್ಟಲ್‌ನಿಂದ ತಯಾರಾಗುವ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕು. ನಾವು ಅದನ್ನು 10ಬಿಇ ಎಂದು ಕರೆಯುತ್ತ ಬಂದಿದ್ದೇವೆ. ದಾನಿಯ ಗುರುತಿನ ಸಂಖ್ಯೆ ಇಲ್ಲದೆ ಆ ವಿವರವನ್ನು ಸಲ್ಲಿಸಲಾಗದು. ಆದ್ದರಿಂದ ಪ್ಯಾನನ್ನೂ ಕೇಳದೆ, ಹಣ ಬಂದ ಕೂಡಲೇ 80ಜಿ ಪ್ರಮಾಣಪತ್ರ ಕೊಡುತ್ತೇವೆ ಎನ್ನುವ ಪುಟ ಈ ವ್ಯವಸ್ಥೆಯ ಒಳಗಿನದಲ್ಲ. ಹಾಗೆಂದು ಆಧಾರ್ ಕಾರ್ಡಿನ ಚಿತ್ರವನ್ನೋ ಒಟಿಪಿಯನ್ನೋ ಕೇಳಿದರೆ ಕೊಡಬಾರದು. ದಾನ ಪಡೆಯಲು ಅವುಗಳ ಅಗತ್ಯವಿಲ್ಲ.

ನೀವು ಈಗಾಗಲೇ ಯಾವುದಾದರೂ ಒಂದಕ್ಕೆ ಹಣ ಹಾಕಿ ಅನುಮಾನ ಹುಟ್ಟಿದ್ದರೆ, ಮೊದಲು 1930ಕ್ಕೆ ಕರೆಮಾಡಿ, ಬ್ಯಾಂಕಿಗೆ ತಿಳಿಸಿ, `cybercrime.gov.in` ನಲ್ಲಿ ದೂರು ದಾಖಲಿಸಿ. ಹಣ ಆ ಖಾತೆಯಿಂದ ಮುಂದಕ್ಕೆ ಸಾಗುವ ಮುಂಚೆ ತಡೆಹಿಡಿಯುವ ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲೇ. ಹಣ ಹಾಕದಿದ್ದರೂ, ಎರಡರಲ್ಲಿ ಒಂದು ತಮ್ಮದಲ್ಲವೆಂದು ಆಶ್ರಮದವರು ಹೇಳಿದರೆ ಆ ಪುಟದ ಪೂರ್ಣ ವಿಳಾಸ ಮತ್ತು ಕ್ಯೂಆರ್ ಕೋಡಿನ ಚಿತ್ರವನ್ನು, ಸ್ಕ್ಯಾನ್ ಮಾಡಿದಾಗ ಬಂದ ಹೆಸರಿನ ಚಿತ್ರದೊಂದಿಗೆ ಅವರಿಗೆ ಕಳುಹಿಸಿಕೊಡಿ. ಪೊಲೀಸರಿಗೂ ಜಾಲತಾಣದ ಆ ಹೆಸರನ್ನು ಮಾರಿದ ಕಂಪನಿಗೂ ದೂರು ಕೊಡಲು ಅವರಿಗೆ ಬೇಕಾಗುವುದು ಆ ಮೂರು ವಿವರಗಳೇ.